ಕೊನೆಯ ಸಾಲು ಯಾರದು?

ಇಪ್ಪತ್ಮೂರು ವರ್ಷ ಸಾಫ್ಟ್‌ವೇರ್ ಕಂಪನಿಗಳಲ್ಲಿ ಟೆಸ್ಟಿಂಗ್ ಕೆಲಸ ಮಾಡಿ, ಇನ್ನು ಸಾಕು ಎಂದು ನಿರ್ಧರಿಸಿದ ಮೇಲೆ ನಾನು ಮುಚ್ಚಬೇಕಾಗಿದ್ದ ಖಾತೆಗಳಲ್ಲಿ ಲಿಂಕ್ಡ್‌ಇನ್ ಕೊನೆಯದು. ಕಂಪನಿಯ ಲ್ಯಾಪ್‌ಟಾಪು, ಗುರುತಿನ ಚೀಟಿ, ಪಿಎಫ್ ಕಾಗದಪತ್ರ ಎಲ್ಲ ಮುಗಿದಿತ್ತು. ಇದೊಂದು ಉಳಿದಿತ್ತು. ಕೆಲಸವೇ ಬೇಡ ಎನ್ನುವವನಿಗೆ ಕೆಲಸದ ಸಂತೆಯಲ್ಲಿ ಏನು ಕೆಲಸ? ಆದರೆ ಮುಚ್ಚುವ ಮೊದಲು ಅಲ್ಲಿದ್ದ ಮಾತುಕತೆಗಳನ್ನೆಲ್ಲ ಇಳಿಸಿಕೊಳ್ಳಬೇಕು ಎನ್ನಿಸಿತು. ಹದಿನಾರು ವರ್ಷದ ಪತ್ರಗಳು. ಯಾವ ಕನ್ಸಲ್ಟೆಂಟ್ ಏನು ಹೇಳಿದ್ದ, ಯಾವ ಕಂಪನಿ ಎಷ್ಟು ಸಂಬಳ ಅಂದಿತ್ತು, ಯಾರು ಮೂರು ಸುತ್ತು ಸಂದರ್ಶನ ಮಾಡಿ ಆಮೇಲೆ ಸುದ್ದಿಯೇ ಇಲ್ಲದೆ ಹೋದರು, ಎಲ್ಲ ಅಲ್ಲೇ ಇತ್ತು. ನಿಜ ಹೇಳುವುದಾದರೆ ನನ್ನ ಮನಸ್ಸಿನಲ್ಲಿದ್ದದ್ದು ಒಂದು ಬಗೆಯ ದೂರು ಪುಸ್ತಕ. ನನ್ನನ್ನು ಕಾಯಿಸಿದವರ ಪಟ್ಟಿ ನನ್ನ ಹತ್ತಿರ ಇರಲಿ ಎಂಬ ಆಸೆ.

ಇಳಿಸಿಕೊಳ್ಳುವುದು ಕಷ್ಟವೇನಲ್ಲ, ಆದರೆ ಮೊಬೈಲಿಗಿಂತ ಕಂಪ್ಯೂಟರಿನಲ್ಲಿ ಮಾಡುವುದು ವಾಸಿ. `Settings & Privacy` ಒಳಗೆ `Data privacy`, ಅದರೊಳಗೆ `Get a copy of your data`. ಅಲ್ಲಿ ಎರಡು ದಾರಿ ಇವೆ. ಎಲ್ಲವೂ ಬೇಕು ಎಂದರೆ ದೊಡ್ಡ ಕಟ್ಟು ಬರುತ್ತದೆ, ಅದಕ್ಕೆ ಒಂದು ದಿನದವರೆಗೂ ಕಾಯಬೇಕಾಗಬಹುದು. ಸಂದೇಶಗಳು, ಪರಿಚಿತರ ಪಟ್ಟಿ ಹೀಗೆ ಆಯ್ದು ಕೇಳಿದರೆ ಕೆಲವೇ ನಿಮಿಷಗಳಲ್ಲಿ ಇ-ಮೇಲಿಗೆ ಕೊಂಡಿ ಬರುತ್ತದೆ. ಕೊಂಡಿಗೆ ಮೂರು ದಿನದ ಆಯುಸ್ಸು, ಅಷ್ಟರೊಳಗೆ ಇಳಿಸಿಕೊಳ್ಳಬೇಕು. ಬರುವುದು ಒಂದು ಜಿಪ್ ಕಡತ. ಅದರೊಳಗೆ ನನಗೆ ಬೇಕಾಗಿದ್ದದ್ದು `messages.csv`.

ಅದನ್ನು ನೇರವಾಗಿ ಎಕ್ಸೆಲ್‌ನಲ್ಲಿ ತೆರೆದು ಮೊದಲು ಎಡವಿದೆ. ಗೆಳೆಯರು ಕನ್ನಡದಲ್ಲಿ ಬರೆದಿದ್ದ ಮಾತುಗಳೆಲ್ಲ ವಿಚಿತ್ರ ಚಿಹ್ನೆಗಳ ಸಾಲಾಗಿದ್ದವು. ಕಡತ ಕೆಟ್ಟಿರಲಿಲ್ಲ, ತೆರೆದ ರೀತಿ ತಪ್ಪಾಗಿತ್ತು. ಖಾಲಿ ಹಾಳೆ ತೆರೆದು, `Data` ಪಟ್ಟಿಯಿಂದ `From Text/CSV` ಆರಿಸಿ, ಅಕ್ಷರ ಸಂಕೇತ ಯುಟಿಎಫ್-8 ಎಂದು ತೋರಿಸಿದ ಮೇಲೆ ಕನ್ನಡ ಕನ್ನಡವಾಯಿತು. ಈ ಹೆಜ್ಜೆ ಗೊತ್ತಿಲ್ಲದೆ ಹಾಗೆಯೇ ಉಳಿಸಿ, ಖಾತೆಯನ್ನೂ ಮುಚ್ಚಿ, ಮೂಲ ಜಿಪ್ಪನ್ನೂ ಅಳಿಸಿಬಿಟ್ಟರೆ ಉಳಿಯುವುದು ಆ ಚಿಹ್ನೆಗಳು ಮಾತ್ರ. ಹಾಗಾಗಿ ಮೂಲವನ್ನು ಮುಟ್ಟದೆ ಎತ್ತಿಟ್ಟು ಪ್ರತಿಯ ಮೇಲೆ ಕೆಲಸ ಮಾಡಿದೆ. ಇನ್ನೊಂದು ಎಚ್ಚರಿಕೆ ಬೇಕಾದದ್ದು ಲಗತ್ತುಗಳ ವಿಷಯದಲ್ಲಿ. ಸಿಎಸ್‌ವಿ ಎಂದರೆ ಬರೀ ಅಕ್ಷರ. ಯಾರೋ ಕಳಿಸಿದ್ದ ಆಫರ್ ಪತ್ರದ ಪಿಡಿಎಫ್ ಆ ಹಾಳೆಯ ಚೌಕದೊಳಗೆ ಕೂರುವುದಿಲ್ಲ. ಅಂಥವನ್ನು ಖಾತೆ ಜೀವಂತ ಇರುವಾಗಲೇ ಆಯಾ ಮಾತುಕತೆಯನ್ನು ತೆರೆದು ಒಂದೊಂದಾಗಿ ಉಳಿಸಿಕೊಂಡೆ.

ಹಾಳೆಯಲ್ಲಿ ಪ್ರತಿ ಸಂದೇಶಕ್ಕೆ ಒಂದು ಸಾಲು. ಯಾವ ಮಾತುಕತೆಗೆ ಸೇರಿದ್ದು ಎಂದು ಹೇಳುವ `CONVERSATION ID`, ಬರೆದವರು `FROM`, ಪಡೆದವರು `TO`, ಹೊತ್ತು `DATE`, ಮಾತು `CONTENT`. ಪರದೆಯ ಮೇಲೆ ನೋಡುವಾಗ ಪ್ರತಿ ಮಾತುಕತೆಗೂ ಒಂದು ಮುಖವಿರುತ್ತದೆ, ಚಿತ್ರವಿರುತ್ತದೆ, ಅವರ ಈಗಿನ ಹುದ್ದೆ ಇರುತ್ತದೆ. ಹಾಳೆಯಲ್ಲಿ ಅದೆಲ್ಲ ಇಲ್ಲ. ಉಪಾಧ್ಯಕ್ಷರೂ ನಿನ್ನೆ ಕಾಲೇಜು ಮುಗಿಸಿದ ಹುಡುಗನೂ ಒಂದೇ ಅಳತೆಯ ಚೌಕದಲ್ಲಿ ಕೂತಿರುತ್ತಾರೆ. ನನಗೆ ಏನೋ ಆಗತೊಡಗಿದ್ದು ಇಲ್ಲಿಂದಲೇ.

ಮೊದಲು ನನ್ನ ದೂರು ಪುಸ್ತಕದ ಮೊದಲ ಹೆಸರನ್ನೇ ಹುಡುಕಿದೆ. 2017ರಲ್ಲಿ ಒಂದು ಕಂಪನಿಯ ಪರವಾಗಿ ಒಬ್ಬ ರಿಕ್ರೂಟರ್ ನನಗೆ ಮ್ಯಾನೇಜರ್ ಹುದ್ದೆ ಎಂದು ಹೇಳಿ, ಕೊನೆಗೆ ಪತ್ರದಲ್ಲಿ ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಹುದ್ದೆ ಬಂದಿತ್ತು. ನೋಟಿಸ್ ಕೊಟ್ಟಾಗಿದ್ದರಿಂದ ಸೇರಿಕೊಂಡೆ. ಆದರೆ ಎಂಟು ವರ್ಷ ಆ ಕಥೆಯನ್ನು ಮದುವೆ ಮನೆಗಳಲ್ಲೂ ಆಫೀಸಿನ ಕಾಫಿ ಮೇಜಿನಲ್ಲೂ ಹೇಳಿದ್ದೇನೆ. ಕಥೆಯ ಸಾರಾಂಶ, ‘ಆಕೆ ಬರವಣಿಗೆಯಲ್ಲಿ ಮಾತು ಕೊಟ್ಟು ತಪ್ಪಿದಳು.’

ಹಾಳೆಯಲ್ಲಿ ಆ ಮಾತುಕತೆ ಹನ್ನೊಂದು ಸಾಲು ಇತ್ತು. ಆರನೆಯ ಸಾಲಿನಲ್ಲಿ ಆಕೆ ಮ್ಯಾನೇಜರ್ ಹುದ್ದೆ ಎಂದದ್ದು ನಿಜ. ಅದೇ ಸಾಲಿನ ಕೊನೆಯಲ್ಲಿ, ಅನುಭವದ ವರ್ಷ ನೋಡಿ ಗ್ರೇಡ್ ಕಮಿಟಿ ಅಂತಿಮ ಮಾಡುತ್ತದೆ, ಒಂದು ಹಂತ ಕೆಳಗೂ ಆಗಬಹುದು, ಒಪ್ಪಿಗೆಯೇ ಎಂದೂ ಕೇಳಿದ್ದರು. ಏಳನೆಯ ಸಾಲು ನನ್ನದು. ಇಂಗ್ಲಿಷಿನ ಎರಡೇ ಪದ: ಸರಿ, ಮುಂದುವರಿಯಿರಿ ಎಂಬರ್ಥದವು. ಅರ್ಧ ವಾಕ್ಯವನ್ನು ನನ್ನ ನೆನಪು ಜೋಪಾನವಾಗಿ ಕಾಯ್ದಿತ್ತು, ಉಳಿದರ್ಧವನ್ನು ಅಷ್ಟೇ ಜೋಪಾನವಾಗಿ ಕಳೆದಿತ್ತು. ಎಂಟು ವರ್ಷ ನಾನು ಹೇಳಿದ್ದು ಸುಳ್ಳಲ್ಲ, ಆದರೆ ಸುಳ್ಳಿಗಿಂತ ಹೆಚ್ಚು ಕೆಲಸ ಮಾಡುವಂಥದ್ದು. ನನ್ನ ಪರ ಸಾಕ್ಷಿ ಹೇಳಲು ಕರೆತಂದ ಸಾಕ್ಷಿ ಕಟಕಟೆಯಲ್ಲಿ ನಿಂತು ನನ್ನ ಮುಖವನ್ನೇ ನೋಡಿತು.

ಇನ್ನು ಪಟ್ಟಿಯನ್ನೇ ಸರಿಯಾಗಿ ಮಾಡೋಣ ಎಂದುಕೊಂಡೆ. ಹಾಳೆಯನ್ನು ಮೊದಲು ಮಾತುಕತೆಯ ಸಂಖ್ಯೆಯ ಪ್ರಕಾರ, ಅದರೊಳಗೆ ದಿನಾಂಕದ ಪ್ರಕಾರ ಜೋಡಿಸಿದರೆ, ಪ್ರತಿ ಮಾತುಕತೆಯ ಕೊನೆಯ ಸಾಲು ಯಾರದು ಎಂದು ಗೊತ್ತಾಗುತ್ತದೆ. ಕೊನೆಯ ಸಾಲು ನನ್ನದಾಗಿದ್ದರೆ ಅವರು ಉತ್ತರಿಸಲಿಲ್ಲ. ಅವರದಾಗಿದ್ದರೆ ನಾನು ಉತ್ತರಿಸಲಿಲ್ಲ. ಸೌಜನ್ಯಕ್ಕೆ ಬರೆದ ‘ಥ್ಯಾಂಕ್ಸ್’ ಮುಂತಾದವನ್ನು ಕಣ್ಣಿಂದಲೇ ನೋಡಿ ತೆಗೆಯಬೇಕು, ಏಕೆಂದರೆ ಅಲ್ಲಿ ಮಾತು ನಿಂತದ್ದು ಮುಗಿದದ್ದರಿಂದ. ಒಂದು ಭಾನುವಾರ ಪೂರ್ತಿ ಇದಕ್ಕೇ ಹೋಯಿತು. ಸಂಜೆ ಲೆಕ್ಕ ಹೀಗಿತ್ತು: ನನ್ನನ್ನು ಉತ್ತರವಿಲ್ಲದೆ ಬಿಟ್ಟವರು ನಲವತ್ತೊಂದು ಜನ. ನಾನು ಉತ್ತರವಿಲ್ಲದೆ ಬಿಟ್ಟವರು ಇನ್ನೂರ ಅರವತ್ತು.

ಹೆಂಡತಿಗೆ ತೋರಿಸಿದೆ. ‘ರೀ, ಅದರಲ್ಲಿ ಅರ್ಧ ಜಾಹೀರಾತು ಇರಬೇಕು, ಅದಕ್ಕೆಲ್ಲ ಯಾರು ಉತ್ತರ ಕೊಡ್ತಾರೆ’ ಅಂದಳು. ಸಮಾಧಾನಕ್ಕೆ ಹೇಳಿದ ಮಾತು, ಆದರೆ ಒಳ್ಳೆಯ ಪ್ರಶ್ನೆ ಅದರಲ್ಲಿತ್ತು. ಬಂದ ಪತ್ರವೆಲ್ಲ ಸಾಲವೇ? ಯಾರು ಬೇಕಾದರೂ ನಮ್ಮ ಬಾಗಿಲಿಗೆ ಒಂದು ಚೀಟಿ ಸಿಕ್ಕಿಸಿ ನಮ್ಮನ್ನು ಸಾಲಗಾರರನ್ನಾಗಿ ಮಾಡಬಹುದೇ?

ನಾನು ಒಂದು ಪರೀಕ್ಷೆ ಮಾಡಿಕೊಂಡೆ. ಸಂದೇಶದಲ್ಲಿ ನನ್ನ ಹೆಸರಿರುವ ಜಾಗದಲ್ಲಿ ಬೇರೆ ಹೆಸರು ಹಾಕಿದರೆ ಉಳಿದ ಮಾತು ಹಾಗೇ ನಿಲ್ಲುತ್ತದೆಯೇ? ನಿಂತರೆ ಅದು ನನಗೆ ಬರೆದದ್ದಲ್ಲ, ನನ್ನಂಥವರಿಗೆ ಬರೆದದ್ದು. ನಿಲ್ಲದಿದ್ದರೆ ಅದನ್ನು ಒಬ್ಬರು ನನ್ನನ್ನು ನೆನೆಸಿಕೊಂಡು ಕೂತು ಬರೆದಿದ್ದಾರೆ. ಮೊದಲ ಬಗೆಯವಕ್ಕೆ ಮೌನ ಸಾಕು ಎಂದುಕೊಂಡೆ. ಎರಡನೆಯ ಬಗೆಯವಕ್ಕೆ ಮೌನವೂ ಒಂದು ಉತ್ತರವೇ, ಆದರೆ ಅದರ ಅರ್ಥವನ್ನು ಊಹಿಸುವ ಕೆಲಸವನ್ನು ಬರೆದವರ ಮೇಲೆಯೇ ಹೊರಿಸಿದ ಉತ್ತರ.

ಮೊದಲ ಬಗೆಯ ವಿಷಯದಲ್ಲೂ ನನ್ನ ಸಮಾಧಾನ ಪೂರ್ತಿ ಉಳಿಯಲಿಲ್ಲ. ನನ್ನ ಚಿಕ್ಕಪ್ಪನ ಮಗಳು ಒಂದು ಕನ್ಸಲ್ಟೆನ್ಸಿಯಲ್ಲಿ ಜನರನ್ನು ಹುಡುಕುವ ಕೆಲಸ ಮಾಡುತ್ತಾಳೆ. ಪರಿಚಯವಿಲ್ಲದವರಿಗೆ ಬರೆಯಲು ಲಿಂಕ್ಡ್‌ಇನ್‌ನಲ್ಲಿ ಇನ್‌ಮೇಲ್ ಬೇಕು, ಅದಕ್ಕೆ ತಿಂಗಳಿಗಿಷ್ಟು ಎಂದು ಕ್ರೆಡಿಟ್ ಇರುತ್ತದೆ. ಅವಳು ಹೇಳಿದಳು: ‘ಅಣ್ಣ, ತೊಂಬತ್ತು ದಿನದೊಳಗೆ ನೀವು ಬೇಡ ಅಂತ ಒಂದು ಸಲ ಒತ್ತಿದ್ರೂ ಆ ಕ್ರೆಡಿಟ್ ನಮಗೆ ವಾಪಸ್ ಬರುತ್ತೆ. ಸುಮ್ಮನಿದ್ರೆ ಹೋಯ್ತು. ನೀವೆಲ್ಲ ಬೇಡ ಅನ್ನೋದು ಒರಟು ಅಂದ್ಕೊಂಡು ಸುಮ್ಮನಿರ್ತೀರ, ನಮಗೆ ಬೇಡ ಅನ್ನೋದೇ ಉಪಕಾರ.’ ನಾನು ಹದಿನಾರು ವರ್ಷ ಸಭ್ಯತೆ ಎಂದುಕೊಂಡದ್ದು ಇನ್ನೊಬ್ಬರ ಖಾತೆಯಿಂದ ಕಡಿತವಾಗುತ್ತಿತ್ತು. ಅವಳನ್ನು ಇನ್ನೊಂದೂ ಕೇಳಿದೆ, ಸಂದರ್ಶನ ಮಾಡಿ ಆಮೇಲೆ ಯಾಕೆ ಸುದ್ದಿ ಇರುವುದಿಲ್ಲ ಎಂದು. ‘ಕ್ಲೈಂಟ್ ನಮಗೇ ಹೇಳಿರಲ್ಲ. ಗೊತ್ತಿಲ್ಲ ಅಂತ ಬರೆಯೋಕೆ ನಾಚಿಕೆ. ನಾಳೆ ಗೊತ್ತಾಗಬಹುದು ಅಂತ ಬಿಡ್ತೀವಿ, ಆ ನಾಳೆ ಬರಲ್ಲ’ ಅಂದಳು. ಇದು ನನ್ನದೇ ರೋಗ. ನಾನೂ ಯಾರಿಗೂ ಉತ್ತರಿಸಬಾರದು ಎಂದು ನಿರ್ಧರಿಸಿದ್ದಿಲ್ಲ, ನಾಳೆ ಬರೆಯೋಣ ಎಂದುಕೊಂಡಿದ್ದೆ ಅಷ್ಟೆ.

ಎರಡನೆಯ ಬಗೆಯವು ಕೊನೆಗೆ ಹತ್ತೊಂಬತ್ತು ಉಳಿದವು. ಅದರಲ್ಲಿ ಒಂದನ್ನು ಹೇಳಬೇಕು.

ಬರೆದವರ ಹೆಸರಿನ ಜಾಗದಲ್ಲಿ `LinkedIn Member` ಎಂದಷ್ಟೇ ಇತ್ತು. ಖಾತೆ ಮುಚ್ಚಿದವರ ಹೆಸರು ಹೀಗಾಗುತ್ತದೆ: ಹೆಸರು, ಮುಖ, ವಿಳಾಸ ಹೋಗಿ ಮಾತು ಮಾತ್ರ ನಿಲ್ಲುತ್ತದೆ. ಆದರೆ ಮಾತಿನಿಂದಲೇ ಯಾರೆಂದು ತಿಳಿಯಿತು. ಹಿಂದೆ ನನ್ನ ತಂಡದಲ್ಲಿ ಎರಡು ವರ್ಷ ಇದ್ದ ಹುಡುಗಿ. ಹೊಸ ಕೆಲಸ ಹೋಗಿದೆ, ಮನೆಯಲ್ಲಿ ಇನ್ನೂ ಹೇಳಿಲ್ಲ, ನಿಮ್ಮಲ್ಲಿ ಏನಾದರೂ ಇದ್ದರೆ ಹೇಳಿ ಸರ್, ಇಲ್ಲದಿದ್ದರೂ ಪರವಾಗಿಲ್ಲ, ಇಲ್ಲ ಅಂತಾದರೂ ಹೇಳಿ ಎಂದು ಬರೆದಿದ್ದಳು. ದಿನಾಂಕದ ಚೌಕದಲ್ಲಿ `2020-04-22 20:40:11 UTC` ಎಂದಿತ್ತು. ಲಾಕ್‌ಡೌನಿನ ಐದನೆಯ ವಾರ. ಸಂಜೆ ಊಟದ ಹೊತ್ತಿಗೆ ಬಂದಿರಬೇಕು, ಗಲಾಟೆಯಲ್ಲಿ ನೋಡಿರಲಿಕ್ಕಿಲ್ಲ ಎಂದು ನನ್ನ ಮನಸ್ಸು ಕೂಡಲೇ ಒಂದು ಸಬೂಬು ಮಾಡಿಕೊಟ್ಟಿತು. ಆಮೇಲೆ ನೆನಪಾಯಿತು, ಆ ಹೊತ್ತು ನಮ್ಮದಲ್ಲ. ಯುಟಿಸಿ ಎಂದರೆ ಅದಕ್ಕೆ ಐದೂವರೆ ಗಂಟೆ ಕೂಡಿಸಬೇಕು. ಕೂಡಿಸಿದರೆ 23ನೇ ತಾರೀಖು ಬೆಳಗಿನ ಜಾವ ಎರಡು ಗಂಟೆ ಹತ್ತು ನಿಮಿಷ.

ಹಾಳೆಯನ್ನು ಈಗ ಬರೀ ದಿನಾಂಕದ ಪ್ರಕಾರ ಜೋಡಿಸಿ ಅದರ ಮುಂದಿನ ಸಾಲು ನೋಡಿದೆ. ಅದು ನನ್ನದು. ಅದೇ ದಿನ ಬೆಳಿಗ್ಗೆ ಹತ್ತೂಕಾಲಕ್ಕೆ, ಬೇರೆ ಒಬ್ಬ ರಿಕ್ರೂಟರ್‌ಗೆ, ನನ್ನದೇ ಒಂದು ಅರ್ಜಿ ಏನಾಯಿತು ಎಂದು ವಿಚಾರಿಸಿ ಬರೆದದ್ದು. ಅಂದರೆ ಎದ್ದು, ಕಾಫಿ ಕುಡಿದು, ಅದೇ ಪೆಟ್ಟಿಗೆ ತೆರೆದಿದ್ದೆ. ಅವಳ ಮಾತು ಎಲ್ಲಕ್ಕಿಂತ ಮೇಲೆ ಇದ್ದಿರಲೇಬೇಕು. ಅದನ್ನು ದಾಟಿ ನನ್ನ ಕೆಲಸ ಕೇಳಿದ್ದೆ.

ಆ ದಿನಗಳಲ್ಲಿ ನಮ್ಮ ಕಂಪನಿಯಲ್ಲಿ ನೇಮಕಾತಿ ನಿಂತಿತ್ತು. ನಾನು ಕೊಡಬಹುದಾದ ಉತ್ತರ ‘ಇಲ್ಲ’ ಒಂದೇ. ಅವಳು ಕೇಳಿದ್ದೂ ಅಷ್ಟನ್ನೇ. ಕೆಲಸ ಕೊಡುವುದು ನನ್ನ ಕೈಯಲ್ಲಿರಲಿಲ್ಲ, ಇಲ್ಲ ಎನ್ನುವುದು ಇತ್ತು. ಕೈಯಲ್ಲಿ ಇಲ್ಲದ್ದರ ನೆಪದಲ್ಲಿ ಕೈಯಲ್ಲಿದ್ದದ್ದನ್ನೂ ಕೊಡದೆ ಹೋದದ್ದು, ಈ ಹಾಳೆಯಲ್ಲಿ ಅತಿ ಹೆಚ್ಚು ಸಲ ನಾನು ಕಂಡ ನನ್ನ ಗುಣ.

ಈಗ ಉತ್ತರಿಸೋಣವೆಂದರೆ ಆ ದಾರಿ ಮುಚ್ಚಿದೆ. ಹಳೆಯ ಸಹೋದ್ಯೋಗಿಗಳನ್ನು ವಿಚಾರಿಸಿ ಅವಳ ಫೋನ್ ನಂಬರ್ ಪತ್ತೆ ಮಾಡಬಹುದಿತ್ತು. ಎರಡು ದಿನ ಯೋಚಿಸಿ ಬಿಟ್ಟೆ. ಆಗ ಅವಳಿಗೆ ನನ್ನ ಉತ್ತರ ಬೇಕಿತ್ತು. ಈಗ ಉತ್ತರಿಸುವುದು ನನಗೆ ಬೇಕಾಗಿದೆ. ತಾನಾಗಿ ಹೆಸರು ಅಳಿಸಿಕೊಂಡು ಹೋದವಳ ಬಾಗಿಲನ್ನು ನನ್ನ ನೆಮ್ಮದಿಗಾಗಿ ಬಡಿಯುವುದು ಇನ್ನೊಂದು ಸಾಲ ಮಾಡಿದ ಹಾಗೆ ಎನ್ನಿಸಿತು. ಇದು ವಿವೇಕವೋ, ಹೇಡಿತನಕ್ಕೆ ಹೊದಿಸಿದ ಒಳ್ಳೆಯ ಶಾಲೋ, ನನಗೆ ಈಗಲೂ ಖಚಿತವಿಲ್ಲ.

ಉಳಿದ ಹದಿನೆಂಟು ಜನರಲ್ಲಿ ಹದಿನಾಲ್ಕು ಮಂದಿ ಇನ್ನೂ ಅಲ್ಲಿದ್ದರು. ಅವರಿಗೆ ಒಬ್ಬೊಬ್ಬರಿಗೆ ಎರಡು ಮೂರು ಸಾಲು ಬರೆದೆ: ಇಂಥ ವರ್ಷ ನೀವು ಇದನ್ನು ಕೇಳಿದ್ದಿರಿ, ನಾನು ಉತ್ತರಿಸಲಿಲ್ಲ, ತಪ್ಪು ನನ್ನದು, ಮುಂದಿನ ವಾರ ಈ ಖಾತೆ ಇರುವುದಿಲ್ಲ. ಕ್ಷಮಿಸಿ ಎಂದು ಕೇಳಲಿಲ್ಲ, ಏಕೆಂದರೆ ಹಾಗೆ ಕೇಳಿದರೆ ಮತ್ತೆ ಅವರು ಉತ್ತರಿಸಬೇಕಾಗುತ್ತದೆ. ಆದರೂ ಐದು ಜನ ಉತ್ತರಿಸಿದರು. ಒಬ್ಬ ಬರೆದ: ‘ಸರ್, ಆ ಕೆಲಸ ಆಗ ಬೇಕಿತ್ತು. ಈಗ ನಾನೇ ಜನ ತಗೋತೀನಿ. ನನಗೆ ಬರೋ ಮೆಸೇಜಿಗೆ ನಾನೂ ಉತ್ತರ ಕೊಡ್ತಿಲ್ಲ. ಇವತ್ತು ಕೂತು ನೋಡ್ತೀನಿ.’ ಅವನು ನೋಡಿದನೋ ಇಲ್ಲವೋ ನನಗೆ ಗೊತ್ತಾಗುವುದಿಲ್ಲ.

ಇಷ್ಟಾದ ಮೇಲೆ ಉಳಿದ ಪ್ರಶ್ನೆ, ಇಳಿಸಿಕೊಂಡ ಈ ಹಾಳೆ ಯಾರದು? ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಸಾಲುಗಳು ನನ್ನವಲ್ಲ. ಪರಿಚಿತರು ನಂಬಿ ಹೇಳಿಕೊಂಡ ಸಂಬಳ, ಬಾಸ್‌ನ ಮೇಲಿನ ಸಿಟ್ಟು, ಕೆಲಸ ಹೋದ ಸುದ್ದಿ ಅದರಲ್ಲಿದೆ. ಕೊಡುವಾಗ ಅವರು ನನಗೆ ಕೊಟ್ಟರು, ಒಂದು ಕಡತಕ್ಕೆ ಕೊಡಲಿಲ್ಲ.

ಇದು ಹೊಸ ಜಗಳವಲ್ಲ. 1741ರಲ್ಲಿ ಲಂಡನ್ನಿನ ಕವಿ ಅಲೆಗ್ಸಾಂಡರ್ ಪೋಪ್, ತಾನೂ ಜೊನಾಥನ್ ಸ್ವಿಫ್ಟ್ ಮೊದಲಾದವರೂ ಬರೆದುಕೊಂಡ ಪತ್ರಗಳನ್ನು ಕೇಳದೆ ಅಚ್ಚು ಮಾಡಿದ ಎಡ್ಮಂಡ್ ಕರ್ಲ್ ಎಂಬ ಪ್ರಕಾಶಕನ ಮೇಲೆ ದಾವೆ ಹೂಡಿದ. ನ್ಯಾಯಾಧೀಶ ಲಾರ್ಡ್ ಹಾರ್ಡ್‌ವಿಕ್ ಹೇಳಿದ್ದರ ತಿರುಳು ಇಷ್ಟು: ಪತ್ರ ಪಡೆದವನಿಗೆ ಸೇರುವುದು ಕಾಗದ, ಅದನ್ನು ಊರಿಗೆಲ್ಲ ಅಚ್ಚು ಹಾಕಿಸುವ ಹಕ್ಕಲ್ಲ. ಆ ತಡೆಯಾಜ್ಞೆ ಪೋಪ್ ಬರೆದ ಪತ್ರಗಳಿಗೆ ಮಾತ್ರ ನಿಂತಿತು, ಪೋಪ್‌ಗೆ ಬೇರೆಯವರು ಬರೆದವಕ್ಕೆ ನಿಲ್ಲಲಿಲ್ಲ. ಅವನ ಕೈಗೆ ಬಂದ ಮಾತಾದರೂ ಅದರ ಮೇಲೆ ಹಕ್ಕು ಅವನದಲ್ಲ, ಬರೆದವರದು. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯಿದೆ ಒಬ್ಬ ವ್ಯಕ್ತಿ ತನ್ನ ಖಾಸಗಿ ಅಥವಾ ಮನೆಯ ಉದ್ದೇಶಕ್ಕೆ ಇಟ್ಟುಕೊಂಡ ದತ್ತಾಂಶಕ್ಕೆ ಅನ್ವಯಿಸುವುದಿಲ್ಲ. ಅಂದರೆ ನಾನು ಇಟ್ಟುಕೊಳ್ಳುವುದನ್ನು ಆ ಕಾಯಿದೆ ತಡೆಯುವುದಿಲ್ಲ. ತಡೆಯದ ಕಾರಣಕ್ಕೇ ನಿರ್ಧಾರ ಪೂರ್ತಿ ನನ್ನ ಮೇಲೆ ಬಿತ್ತು.

ಸಾಕ್ಷ್ಯಕ್ಕೆ ಬೇಕಾಗುತ್ತದೆ ಎಂಬ ಸಮಜಾಯಿಷಿಯೂ ಗಟ್ಟಿಯಲ್ಲ. ಸಿಎಸ್‌ವಿ ಹಾಳೆಯನ್ನು ಯಾರು ಬೇಕಾದರೂ ತಿದ್ದಬಹುದು, ತಿದ್ದಿದ ಗುರುತೂ ಉಳಿಯುವುದಿಲ್ಲ. 2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮು ಇಂಥ ದಾಖಲೆಯನ್ನು ನ್ಯಾಯಾಲಯಕ್ಕೆ ಕೊಡುವಾಗ ಅದರ ಜೊತೆ ಪ್ರಮಾಣಪತ್ರ ಇರಬೇಕು ಎನ್ನುತ್ತದೆ. ಸಂಬಳ ಬಾಕಿಯೋ ಹಿಂತೆಗೆದ ಆಫರೋ ನಿಜವಾಗಿ ವ್ಯಾಜ್ಯದಲ್ಲಿರುವವರು ಅದು ಮುಗಿಯುವವರೆಗೆ ಖಾತೆಯನ್ನು ಮುಚ್ಚದೆ ಇರುವುದೇ ಕ್ಷೇಮ. ನನಗೆ ಅಂಥ ವ್ಯಾಜ್ಯವಿರಲಿಲ್ಲ, ಮನಸ್ಸಿನ ಕಿರಿಕಿರಿ ಮಾತ್ರ ಇತ್ತು.

ನಮ್ಮ ಅಜ್ಜನ ಮನೆಯ ಪಡಸಾಲೆಯಲ್ಲಿ, ಬಂದ ಕಾಗದಗಳನ್ನು ಚುಚ್ಚಿಡುವ ಒಂದು ತಂತಿ ನೇತಾಡುತ್ತಿತ್ತು. ಸೊಸೈಟಿಯ ನೋಟಿಸು, ಮಗಳ ಕಾಗದ, ಮದುವೆಯ ಕರೆಯೋಲೆ ಎಲ್ಲ ಒಂದರ ಮೇಲೊಂದು. ಆದರೆ ಸಾವಿನ ಸುದ್ದಿ ತಂದ ಕಾರ್ಡನ್ನು ಅಜ್ಜ ತಂತಿಗೆ ಚುಚ್ಚುತ್ತಿರಲಿಲ್ಲ. ಓದಿದ ಕೂಡಲೇ ಹರಿದು ಹಾಕಿ, ಸ್ನಾನ ಮಾಡಿ, ಹೋಗಬೇಕಾದಲ್ಲಿಗೆ ಹೊರಡುತ್ತಿದ್ದರು. ಚಿಕ್ಕಂದಿನಲ್ಲಿ ಅದನ್ನು ಮೈಲಿಗೆಯ ವಿಷಯ ಎಂದಷ್ಟೇ ತಿಳಿದಿದ್ದೆ. ಈಗ ಅನ್ನಿಸುತ್ತದೆ, ಕೆಲವು ಪತ್ರಗಳು ಇಡುವುದಕ್ಕಲ್ಲ, ಎದ್ದು ಹೊರಡುವುದಕ್ಕೆ.

ನಾನೂ ಹಾಗೇ ಬೇರ್ಪಡಿಸಿದೆ. ನಾನು ಬರೆದ ಸಾಲುಗಳನ್ನು, ಆಫರ್ ಮಾತುಕತೆಗಳನ್ನು, ಮೂವರು ಹಿರಿಯರು ನನಗೆ ಬರೆದ ಒಳ್ಳೆಯ ಮಾತುಗಳನ್ನು ಒಂದು ಹಾಳೆಯಲ್ಲಿ ಇಟ್ಟೆ. ಪ್ರೊಫೈಲಿನಲ್ಲಿದ್ದ ಶಿಫಾರಸುಗಳನ್ನೂ ಇಳಿಸಿಕೊಂಡೆ, ಏಕೆಂದರೆ ಮುಚ್ಚಿದ ಖಾತೆಯನ್ನು ಮತ್ತೆ ತೆರೆದರೂ ಅವು ಮರಳುವುದಿಲ್ಲ. ಬೇರೆಯವರ ಕಷ್ಟದ ಮಾತುಗಳನ್ನು ಅಳಿಸಿದೆ, ಮೂಲ ಜಿಪ್ಪನ್ನೂ ಅಳಿಸಿದೆ. 2017ರ ಆ ಹನ್ನೊಂದು ಸಾಲನ್ನು ಮಾತ್ರ ಬೇಕೆಂದೇ ಉಳಿಸಿಕೊಂಡೆ. ಮುಂದೆ ಯಾವುದಾದರೂ ಮದುವೆ ಮನೆಯಲ್ಲಿ ಆ ಕಥೆ ನಾಲಗೆಗೆ ಬಂದರೆ ನನಗೆ ಅಡ್ಡ ಬರಲಿ ಎಂದು.

ಕೊನೆಗೆ `Account preferences` ಒಳಗಿನ `Close account`. ಕಾರಣ ಕೇಳಿತು, ಪಾಸ್‌ವರ್ಡ್ ಕೇಳಿತು, ಮುಗಿಯಿತು. ಹದಿನಾಲ್ಕು ದಿನ ಮನಸ್ಸು ಬದಲಾಯಿಸಲು ಅವಕಾಶವಿತ್ತು. ಬದಲಾಯಿಸಲಿಲ್ಲ. ಆದರೆ ನಾನು ಅಲ್ಲಿಂದ ಪೂರ್ತಿ ಹೋಗಿಲ್ಲ ಎಂಬುದು ಗೊತ್ತಿದೆ. ನಾನು ಬರೆದದ್ದೆಲ್ಲ ಪಡೆದವರ ಪೆಟ್ಟಿಗೆಗಳಲ್ಲಿ ಹಾಗೇ ಉಳಿದಿದೆ, ಮೇಲೆ ನನ್ನ ಹೆಸರಿಲ್ಲ. ನನ್ನನ್ನು ಕಾಯಿಸಿದ ನಲವತ್ತೊಂದು ಜನರಲ್ಲಿ ಯಾರಾದರೂ ಮುಂದೊಂದು ದಿನ ಖಾತೆ ಮುಚ್ಚುವ ಮೊದಲು ಹೀಗೆಯೇ ಹಾಳೆ ತೆರೆದು ಕೂರಬಹುದು. ಅಲ್ಲಿ ಒಬ್ಬ ಹೆಸರಿಲ್ಲದ ಸದಸ್ಯ ‘ನನ್ನ ವಿಷಯ ಏನಾಯಿತು, ಇಲ್ಲ ಎಂದಾದರೂ ತಿಳಿಸಿ’ ಎಂದು ಕೇಳಿರುತ್ತಾನೆ. ಅವರು ಉತ್ತರಿಸಬೇಕೆಂದು ಎದ್ದು ಕೂತರೆ ಅಲ್ಲಿ ಯಾರೂ ಇರುವುದಿಲ್ಲ.